ಕಳಿಸುವ ಮುಂಚೆ ಹಳೆಯ ಹೆಸರನ್ನು ಹುಡುಕಿ

ಕೇಳುಗರಿಗೆ ನಮಸ್ಕಾರ.

ಎಷ್ಟೋ ವರ್ಷಗಳ ಹಿಂದೆ ನಾನೊಂದು ಕೆಲಸಕ್ಕೆ ಅರ್ಜಿ ಹಾಕಿದ್ದೆ. ಎರಡು ದಿನ ಬಿಟ್ಟು ಉತ್ತರ ಬಂತು. ಒಂದೇ ಸಾಲು. ನೀವು ಸೇರಬೇಕೆಂದು ಬರೆದಿರುವ ಕಂಪನಿ ನಮ್ಮದಲ್ಲ, ಒಮ್ಮೆ ನೋಡಿಕೊಳ್ಳಿ ಅಂತ. ನೋಡಿದೆ. ಮೇಲಿನ ವಿಳಾಸ ಸರಿ ಇತ್ತು. ವಿಷಯದ ಸಾಲೂ ಸರಿ ಇತ್ತು. ಕೊನೆಯ ಪ್ಯಾರಾದಲ್ಲಿ ಮಾತ್ರ ಹಿಂದಿನ ವಾರ ಅರ್ಜಿ ಹಾಕಿದ್ದ ಇನ್ನೊಂದು ಕಂಪನಿಯ ಹೆಸರು ಕೂತಿತ್ತು. ಕಳಿಸುವ ಮುಂಚೆ ಆ ಪತ್ರವನ್ನು ನಾನು ಮೂರು ಸಲ ಓದಿದ್ದೆ.

ಮೂರು ಸಲ ಓದಿದರೂ ಯಾಕೆ ಸಿಗಲಿಲ್ಲ? ಪತ್ರ ನನ್ನದೇ. ಅದರಲ್ಲಿ ಏನಿದೆ ಅಂತ ನನಗೆ ಗೊತ್ತು. ಹಾಗಾಗಿ ಕಣ್ಣು ಅಕ್ಷರಗಳನ್ನು ಓದುವುದಿಲ್ಲ, ತಲೆಯಲ್ಲಿ ಇರುವುದನ್ನೇ ಓದಿಕೊಂಡು ಹೋಗುತ್ತದೆ. ಕಂಪ್ಯೂಟರಿನ ಸ್ಪೆಲ್ ಚೆಕ್ ಕೂಡ ಕೆಂಪು ಗೆರೆ ಎಳೆಯಲಿಲ್ಲ. ಹೇಗೆ ಎಳೆದೀತು? ಹೆಸರು ತಪ್ಪು ಕಂಪನಿಯದು, ಕಾಗುಣಿತ ಸರಿಯಾಗಿಯೇ ಇತ್ತು.

ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಅಂಕಲ್, ಇದೊಂದು ಲೆಟರ್ ನೋಡಿ ಕೊಡ್ತೀರಾ?" ಅಂದಳು. ಬಿ.ಕಾಂ. ಓದಿದವಳು, ಲೆಕ್ಕಪತ್ರದ ಕೆಲಸ ಗೊತ್ತು. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಒಂದು ಕಂಪನಿಗೆ ಬರೆದ ಕವರಿಂಗ್ ಲೆಟರ್ ಅವಳ ಹತ್ತಿರ ಇತ್ತು. ಅದನ್ನೇ ತಿದ್ದಿ 2025ರ ಏಪ್ರಿಲ್‌ನಲ್ಲಿ ಮೈಸೂರಿನ ಒಂದು ಗಾರ್ಮೆಂಟ್ಸ್ ಕಂಪನಿಗೆ ಕಳಿಸಬೇಕಿತ್ತು. ಹಳೆಯ ಪತ್ರ ತಿದ್ದುವುದರಲ್ಲಿ ತಪ್ಪೇನಿಲ್ಲ, ಎಲ್ಲರೂ ಮಾಡುವುದು ಅದನ್ನೇ. ನಾನು ಓದಲಿಲ್ಲ. ಒಂದು ಖಾಲಿ ಹಾಳೆ ಕೊಟ್ಟೆ.

ಹಳೆಯ ಪತ್ರಕ್ಕೆ ಮಾತ್ರ ಸೇರಿದ್ದು ಏನೇನು, ಬರಿ ಅಂದೆ. ಕಂಪನಿಯ ಹೆಸರು ಬರೆದಳು. ಅಷ್ಟೇನಾ ಅಂತ ಕೇಳಿದೆ. ಯೋಚಿಸಿ ಇನ್ನಷ್ಟು ಬರೆದಳು. ಆ ಕಂಪನಿಯನ್ನು ಜನ ಕರೆಯುವ ಚಿಕ್ಕ ಹೆಸರು. ಊರು ಹುಬ್ಬಳ್ಳಿ. ಅವರು ತಯಾರಿಸುವುದು ಮೋಟಾರಿನ ಬಿಡಿಭಾಗ. ಹುದ್ದೆಯ ಹೆಸರು. ಪತ್ರ ಯಾರಿಗೆ ಬರೆದಿದ್ದಳೋ ಅವರ ಹೆಸರು. ಒಟ್ಟು ಆರು ಆಯಿತು.

ಈಗ ಫೈಲ್ ತೆರೆದು, ಕಂಟ್ರೋಲ್ ಕೀ ಒತ್ತಿಕೊಂಡು ಎಫ್ ಒತ್ತಬೇಕು. ಹುಡುಕುವ ಜಾಗ ತೆರೆಯುತ್ತದೆ. ಅಲ್ಲಿ ಹೊಸ ಕಂಪನಿಯ ಹೆಸರನ್ನು ಹುಡುಕಬೇಡಿ. ಅದು ಸಿಕ್ಕೇ ಸಿಗುತ್ತದೆ, ಸಿಕ್ಕಿತಲ್ಲ ಅಂತ ಸಮಾಧಾನವೂ ಆಗುತ್ತದೆ. ಹುಡುಕಬೇಕಾದ್ದು ಹಳೆಯದನ್ನು. ಹಾಳೆಯಲ್ಲಿ ಬರೆದ ಆರನ್ನೂ ಒಂದೊಂದಾಗಿ ಹುಡುಕಬೇಕು, ಹಳೆಯ ಕಂಪನಿಗೆ ಸೇರಿದ್ದು ಒಂದೂ ಸಿಗಬಾರದು. ಪೂರ್ತಿ ಹೆಸರಿನ ಬದಲು ಮೊದಲ ನಾಲ್ಕು ಅಕ್ಷರ ಹಾಕಿದರೆ ಒಳ್ಳೆಯದು. ಹಿಂದೆ ಎಲ್ಲಾದರೂ ಹೆಸರನ್ನು ತಪ್ಪಾಗಿ ಟೈಪ್ ಮಾಡಿದ್ದರೆ, ಪೂರ್ತಿ ಹೆಸರು ಹುಡುಕಿದಾಗ ಆ ಜಾಗ ತಪ್ಪಿಸಿಕೊಳ್ಳುತ್ತದೆ.

ಅವಳ ಪತ್ರದಲ್ಲಿ ಕಂಪನಿಯ ಹೆಸರು ಎಲ್ಲೂ ಉಳಿದಿರಲಿಲ್ಲ. ಆದರೆ ಮೋಟಾರಿನ ಬಿಡಿಭಾಗ ಉಳಿದಿತ್ತು! ನಿಮ್ಮ ಬಿಡಿಭಾಗಗಳ ಉದ್ಯಮದಲ್ಲಿ ದುಡಿಯಲು ಆಸಕ್ತಿ ಇದೆ ಅಂತ, ಬಟ್ಟೆ ಹೊಲಿಸುವ ಕಂಪನಿಗೆ. ಹೆಸರೊಂದನ್ನೇ ಹುಡುಕಿದ್ದರೆ ಇದು ಹಾಗೇ ಹೋಗುತ್ತಿತ್ತು.

ಇಲ್ಲೊಂದು ಅಪಾಯ ಇದೆ. ಎಲ್ಲವನ್ನೂ ಒಂದೇ ಸಲ ಬದಲಿಸುವ ಬಟನ್ ಇರುತ್ತದಲ್ಲ, ರಿಪ್ಲೇಸ್ ಆಲ್, ಅದನ್ನು ಒತ್ತಬೇಡಿ. ಈ ಹುಡುಗಿ ಅದಾಗಲೇ ಹುಬ್ಬಳ್ಳಿ ತೆಗೆದು ಮೈಸೂರು ಹಾಕು ಅಂತ ಅದಕ್ಕೆ ಹೇಳಿಬಿಟ್ಟಿದ್ದಳು. ಅವಳು ಓದಿದ ಕಾಲೇಜು ಇರುವುದು ಹುಬ್ಬಳ್ಳಿಯಲ್ಲೇ. ಅದೂ ಮೈಸೂರಿಗೆ ಹೊರಟು ಹೋಗಿತ್ತು. ಪತ್ರದಲ್ಲಿ ಒಂದು ಊರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಊರು ಇದ್ದರೆ ನೋಡುವವರು ಏನಂದುಕೊಳ್ಳಬೇಕು? ಒಂದೊಂದೇ ಜಾಗಕ್ಕೆ ಹೋಗಿ, ನೋಡಿ ಬದಲಿಸಬೇಕು. ಹೊಸ ಕಂಪನಿಯ ಹೆಸರನ್ನು ನೆನಪಿನಿಂದ ಟೈಪ್ ಮಾಡುವುದೂ ಬೇಡ. ಜಾಹೀರಾತಿನಲ್ಲಿ ಹೇಗಿದೆಯೋ ಹಾಗೇ ನಕಲು ಮಾಡಿ ಅಂಟಿಸಿ. ಪ್ರೈವೇಟ್ ಲಿಮಿಟೆಡ್ ಇದೆಯೋ ಬರೀ ಲಿಮಿಟೆಡ್ ಇದೆಯೋ ಅಂತ ನಮಗೆ ನೆನಪಿರುವುದಿಲ್ಲ. ಅವರಿಗೆ ಅದು ದಿನಾ ಕಣ್ಣಿಗೆ ಬೀಳುವ ಹೆಸರು.

ಇನ್ನು ತಾರೀಖು. ಪತ್ರದ ತಲೆಯ ಮೇಲಿನ ತಾರೀಖನ್ನು ಎಲ್ಲರೂ ತಿದ್ದುತ್ತಾರೆ. ಒಳಗಿನದು ಉಳಿಯುತ್ತದೆ. ಹಳೆಯ ಪತ್ರದಲ್ಲಿ, ಜೂನ್ 3, ಸೋಮವಾರದಿಂದ ಕೆಲಸಕ್ಕೆ ಸೇರಬಲ್ಲೆ ಅಂತ ಇತ್ತು. 2024ರಲ್ಲಿ ಅದು ಸೋಮವಾರವೇ. 2025ರಲ್ಲಿ ಜೂನ್ 3 ಮಂಗಳವಾರ. ಇವಳು ಇಸವಿ ತಿದ್ದಿದ್ದಳು, ವಾರ ಬಿಟ್ಟಿದ್ದಳು. ಅದೇ ತಾರೀಖಿನ ವಾರ ಮುಂದಿನ ವರ್ಷ ಒಂದು ದಿನ ಮುಂದಕ್ಕೆ ಜರುಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು ದಿನ. ಆದ್ದರಿಂದ ವಾರ ಬರೆದ ಕಡೆಯೆಲ್ಲ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ನೋಡಬೇಕು. ಅಥವಾ ವಾರ ಬರೆಯುವುದನ್ನೇ ಬಿಡಬೇಕು. ನಾನಾದರೆ ಬಿಡುತ್ತೇನೆ.

ವರ್ಡ್‌ನಲ್ಲಿ ತಾರೀಖನ್ನು ತಾನಾಗಿಯೇ ಬದಲಾಗುವಂತೆ ಹಾಕುವ ಸೌಲಭ್ಯ ಇದೆ. ಚೆನ್ನಾಗಿ ಕಾಣುತ್ತದೆ, ಆದರೆ ನಂಬಬೇಡಿ. ಆ ಫೈಲನ್ನೇ ಕಳಿಸಿದರೆ, ಅವರು ಮುಂದಿನ ತಿಂಗಳು ತೆರೆದಾಗ ನಿಮ್ಮ ಪತ್ರದ ಮೇಲೆ ಮುಂದಿನ ತಿಂಗಳ ತಾರೀಖು ಕಾಣಬಹುದು. ಕೈಯಾರೆ ಬರೆದು, ಪಿಡಿಎಫ್ ಮಾಡಿ ಕಳಿಸಿ.

ತಾರೀಖಿನಂತೆ ಕಾಣದ ತಾರೀಖುಗಳೂ ಇರುತ್ತವೆ. ಅವು ಇನ್ನೂ ಕಷ್ಟ. "ಸುಮಾರು ಮೂರು ವರ್ಷದ ಅನುಭವ" ಅಂತ ಇತ್ತು. ಅವಳು ಕೆಲಸಕ್ಕೆ ಸೇರಿದ್ದು 2021ರ ಜುಲೈನಲ್ಲಿ. ಹಳೆಯ ಪತ್ರ ಬರೆದಾಗ ಎರಡು ವರ್ಷ ಒಂಬತ್ತು ತಿಂಗಳು ಆಗಿತ್ತು, ಸುಮಾರು ಮೂರು ಅಂದದ್ದು ಸರಿ. ಹಾಗಾದರೆ ಈಗ ಎಷ್ಟು? ಸುಮಾರು ನಾಲ್ಕು ಅಂದಳು. ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. 2024ರ ಡಿಸೆಂಬರ್ ಕೊನೆಗೆ ಆ ಕೆಲಸ ಬಿಟ್ಟಿದ್ದಾಳೆ. ಮೂರೂವರೆ ವರ್ಷ.

ಕೆಲಸ ಬಿಟ್ಟಿದ್ದಾಳೆ ಅಂದ ತಕ್ಷಣ ಇನ್ನೊಂದು ಗಂಟು ಬಿಚ್ಚಿಕೊಂಡಿತು. ಹಳೆಯ ಪತ್ರ ಪೂರ್ತಿ ವರ್ತಮಾನದಲ್ಲಿತ್ತು. ಇಂಗ್ಲಿಷಿನಲ್ಲಿ ಬರೆದ ಪತ್ರ. ಐ ಹ್ಯಾಂಡಲ್ ಜಿಎಸ್‌ಟಿ ರಿಟರ್ನ್ಸ್, ಅಂದರೆ ಈಗಲೂ ಮಾಡುತ್ತಿದ್ದೇನೆ ಅಂತ. ಅದು ಐ ಹ್ಯಾಂಡಲ್ಡ್ ಆಗಬೇಕು. ಇವಳು ಮೊದಲ ವಾಕ್ಯ ತಿದ್ದಿ, ಅದೇ ಪ್ಯಾರಾದ ಮೂರನೆಯ ವಾಕ್ಯ ಬಿಟ್ಟಿದ್ದಳು. ಓದುವವರಿಗೆ ಇವಳು ಕೆಲಸದಲ್ಲಿ ಇದ್ದಾಳೋ ಬಿಟ್ಟಿದ್ದಾಳೋ ಅನ್ನುವುದೇ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಬರೆದರೂ ಇದೇ ಕಥೆ. ಮಾಡುತ್ತಿದ್ದೆ ಮತ್ತು ಮಾಡುತ್ತಿದ್ದೇನೆ, ನಡುವೆ ಇರುವ ವ್ಯತ್ಯಾಸ ಎಷ್ಟು ಸಣ್ಣದು ನೋಡಿ. ಕಣ್ಣು ಸುಮ್ನೆ ಜಾರಿಕೊಂಡು ಹೋಗುತ್ತದೆ.

ಇದಕ್ಕೆ ಹುಡುಕುವ ಬಟನ್ ಸಾಲದು. ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಯಬೇಕು. ಬೇರೇನೂ ಓದಬಾರದು. ಒಂದೊಂದು ಗೆರೆಯ ಮುಂದೆ ಒಂದೇ ಪ್ರಶ್ನೆ: ಇದು ಮುಗಿದಿದೆಯೋ, ಈಗಲೂ ನಡೆಯುತ್ತಿದೆಯೋ? ಹಾಗಂತ ಎಲ್ಲವನ್ನೂ ಭೂತಕಾಲಕ್ಕೆ ತಳ್ಳುವುದೂ ತಪ್ಪು. ರಿಟರ್ನ್ಸ್ ಸಲ್ಲಿಸಿದ್ದು ಮುಗಿದ ಕೆಲಸ. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಗೊತ್ತಿರುವುದು ಮುಗಿದಿಲ್ಲ. ನನಗೆ ಟ್ಯಾಲಿ ಗೊತ್ತಿತ್ತು ಅಂತ ಬರೆದರೆ, ಈಗ ಮರೆತುಹೋಯ್ತಾ ಅಂತ ಕೇಳುತ್ತಾರೆ, ಅಲ್ವಾ? ಅವಳ ಪತ್ರದಲ್ಲಿ ಹದಿನೇಳು ಗೆರೆ ಬಿತ್ತು. ಬದಲಾಗಬೇಕಾಗಿದ್ದು ಐದು.

ಆ ಐದರಲ್ಲಿ ಒಂದನ್ನು ತಿದ್ದುವಂತೆಯೇ ಇರಲಿಲ್ಲ, ತೆಗೆಯಬೇಕಿತ್ತು. ನನಗೆ ಮೂವತ್ತು ದಿನದ ನೋಟಿಸ್ ಪೀರಿಯಡ್ ಇದೆ ಅನ್ನುವ ವಾಕ್ಯ. ಕೆಲಸವೇ ಇಲ್ಲ, ನೋಟಿಸ್ ಯಾರಿಗೆ?

ನಮೂನೆಯಿಂದ ಉಳಿದ ಸಾಲುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದು ಸುಲಭ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ನಮೂನೆಯಲ್ಲಿ ತುಂಬಬೇಕಾದ ಜಾಗಗಳು ಸಾಮಾನ್ಯವಾಗಿ ಚೌಕ ಕಂಸದಲ್ಲಿ ಇರುತ್ತವೆ. ಆದ್ದರಿಂದ ಚೌಕ ಕಂಸವೊಂದನ್ನೇ ಹುಡುಕಿ. ಆಮೇಲೆ ಎಕ್ಸ್ ಎಕ್ಸ್ ಅಂತ ಎರಡು ಅಕ್ಷರ ಹುಡುಕಿ, ಸಂಖ್ಯೆಯ ಜಾಗದಲ್ಲಿ ಅದನ್ನು ಇಟ್ಟಿರುತ್ತಾರೆ. ಹಳದಿ ಬಣ್ಣ ಹಚ್ಚಿದ್ದು, ಅಂಚಿನಲ್ಲಿ ಬರೆದ ಕಾಮೆಂಟ್ ಉಳಿದಿದೆಯಾ ನೋಡಿ. ಪುಟದ ಮೇಲಂಚು, ಕೆಳಂಚನ್ನು ಬೇರೆಯಾಗಿಯೇ ನೋಡಿ.

ಪತ್ರದ ಹೊರಗೂ ಹಳೆಯದು ಉಳಿಯುತ್ತದೆ. ಫೈಲಿನ ಹೆಸರಿನಲ್ಲಿ ಹುಬ್ಬಳ್ಳಿ ಕಂಪನಿ ಇತ್ತು, ಅವಳು ಬದಲಿಸಿದಳು. ಪಿಡಿಎಫ್ ಮಾಡಿ ಬ್ರೌಸರಿನಲ್ಲಿ ತೆರೆದರೆ, ಮೇಲಿನ ಟ್ಯಾಬಿನಲ್ಲಿ ಹಳೆಯ ಹೆಸರೇ ಕಂಡಿತು! ಫೈಲಿಗೆ ಹೊರಗಿನ ಹೆಸರು ಬೇರೆ, ಒಳಗಿನ ಶೀರ್ಷಿಕೆ ಬೇರೆ. ವರ್ಡ್‌ನಲ್ಲಿ ಫೈಲ್ ಮೆನುವಿಗೆ ಹೋಗಿ, ಇನ್ಫೋ ಒತ್ತಿದರೆ ಟೈಟಲ್ ಅಂತ ಒಂದು ಜಾಗ ಕಾಣುತ್ತದೆ. ಅಲ್ಲಿ ತಿದ್ದಿ ಮತ್ತೆ ಪಿಡಿಎಫ್ ಮಾಡಬೇಕು. ಹಳೆಯ ಮೇಲ್ ಅನ್ನೇ ಫಾರ್ವರ್ಡ್ ಮಾಡುವವರಂತೂ ದಯವಿಟ್ಟು ನಿಲ್ಲಿಸಿ. ಕೆಳಗೆ ಹಿಂದಿನ ಕಂಪನಿಯ ಜೊತೆಗಿನ ಮಾತೆಲ್ಲ ಬಾಲದ ಹಾಗೆ ಹೋಗುತ್ತದೆ. ಹೊಸ ಮೇಲ್ ತೆರೆಯಿರಿ. ಕಳಿಸಬೇಕಾದವರ ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ವಿಳಾಸ ಇಲ್ಲದ ಮೇಲ್ ಅರ್ಧದಲ್ಲಿ ಕೈತಪ್ಪಿ ಹೋಗುವುದಿಲ್ಲ. ಅಟ್ಯಾಚ್ ಮಾಡಿದ ಫೈಲನ್ನು ಆ ಮೇಲ್‌ನಿಂದಲೇ ಒಮ್ಮೆ ತೆರೆದು ನೋಡಿ, ತಿದ್ದಿದ ಫೈಲ್ ಬಿಟ್ಟು ತಿದ್ದದೇ ಇದ್ದದ್ದು ಅಂಟಿಕೊಂಡಿರಬಹುದು.

ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂದಕ್ಕೆ ಪಡೆಯಲು ಮೊದಲಿಗೆ ಐದೇ ಸೆಕೆಂಡು ಕೊಟ್ಟಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಅನ್‌ಡೂ ಸೆಂಡ್ ಅನ್ನುವ ಕಡೆ ಅದನ್ನು ಮೂವತ್ತು ಸೆಕೆಂಡಿಗೆ ಏರಿಸಿಕೊಳ್ಳಬಹುದು. ಹುಡುಗಿ ಏರಿಸಿಕೊಂಡಳು. ಕಳಿಸುವ ಬಟನ್ ಒತ್ತಿದಳು. ಹತ್ತು ಸೆಕೆಂಡು ಆಗಿರಬೇಕು, "ಅಯ್ಯೋ ಅಂಕಲ್" ಅಂತ ಕೂಗಿ ಹಿಂದಕ್ಕೆ ಎಳೆದುಕೊಂಡಳು. ಜಾಹೀರಾತಿನಲ್ಲಿ ಸಂಪರ್ಕಿಸಿ ಅಂತ ಇದ್ದದ್ದು ಒಬ್ಬ ಮಹಿಳೆಯ ಹೆಸರು. ಪತ್ರ ಶುರುವಾಗುತ್ತಿದ್ದದ್ದು ಡಿಯರ್ ಸರ್ ಅಂತ. ನಮ್ಮ ಹಾಳೆಯ ಆರರಲ್ಲಿ ಸರ್ ಇರಲಿಲ್ಲ. ಏಳನೆಯದಾಗಿ ಬರೆದುಕೊಂಡಳು.

ನಮಸ್ಕಾರ.