ಹತ್ತಿರದ ಫೋನು, ದೂರದ ಫೋನು: ಸಿಡಿಎಂಎಯಲ್ಲಿ ಪವರ್ ಕಂಟ್ರೋಲ್

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ರಿಲಯನ್ಸ್, ಟಾಟಾ ಇಂಡಿಕಾಂ ಸಿಡಿಎಂಎ ಫೋನುಗಳನ್ನು ಹಿಡಿದು ಓಡಾಡಿದವರು ಇಲ್ಲಿ ಹಲವರಿರಬಹುದು. ಆ ಫೋನುಗಳ ಒಳಗೆ ನಡೆಯುತ್ತಿದ್ದ ಒಂದೇ ಒಂದು ಕೆಲಸದ ಬಗ್ಗೆ ಇವತ್ತು ಮಾತಾಡುತ್ತೇನೆ. ಫೋನು ಎಷ್ಟು ಜೋರಾಗಿ ಸಿಗ್ನಲ್ ಕಳಿಸಬೇಕು ಎಂದು ಯಾರು ತೀರ್ಮಾನಿಸುತ್ತಾರೆ, ಹೇಗೆ, ಎಷ್ಟು ಬೇಗ? ಉದಾಹರಣೆಗೆ 1993ರಲ್ಲಿ ಬಂದ ಐಎಸ್-95 ಮಾನದಂಡವನ್ನೇ ಇಟ್ಟುಕೊಳ್ಳುತ್ತೇನೆ. ಆಮೇಲೆ ಬಂದ 3ಜಿಯಲ್ಲೂ ಅಂಕಿಗಳು ಬದಲಾದವೇ ಹೊರತು ಉಪಾಯ ಇದೇ.

ಸಿಡಿಎಂಎಯಲ್ಲಿ ಎಲ್ಲ ಫೋನುಗಳೂ ಒಂದೇ ಸಮಯದಲ್ಲಿ, ಒಂದೇ 1.25 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡುತ್ತವೆ. ಒಬ್ಬೊಬ್ಬರಿಗೂ ಒಂದೊಂದು ಕೋಡ್. ಮಾತು ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಬರುತ್ತದೆ, ಕೋಡ್ ಅದನ್ನು ಚಿಪ್ ಎಂಬ ಪುಟ್ಟ ತುಣುಕುಗಳಾಗಿ, ಸೆಕೆಂಡಿಗೆ 12,28,800 ಚಿಪ್‌ಗಳಿಗೆ ಹರಡುತ್ತದೆ. ಅಂದರೆ 128 ಪಟ್ಟು. ಟವರಿನಲ್ಲಿ ಅದೇ ಕೋಡ್ ಹಾಕಿ ಮತ್ತೆ ಮಡಚಿದಾಗ ನಮಗೆ ಬೇಕಾದ ಸಿಗ್ನಲ್ ಬೇರೆಯವರ ಗದ್ದಲಕ್ಕಿಂತ 128 ಪಟ್ಟು ಮೇಲೆ ಬರುತ್ತದೆ. ಡೆಸಿಬೆಲ್‌ನಲ್ಲಿ ಹೇಳುವುದಾದರೆ 21. ನಮ್ಮ ಹತ್ತಿರ ಇರುವ ಬಂಡವಾಳ ಇಷ್ಟೇ.

ಈಗ ಎರಡು ಫೋನು ತೆಗೆದುಕೊಳ್ಳೋಣ. ಒಂದು ಟವರಿನಿಂದ 100 ಮೀಟರ್ ದೂರದಲ್ಲಿದೆ, ಇನ್ನೊಂದು 2 ಕಿಲೋಮೀಟರ್ ದೂರದಲ್ಲಿ. ಎರಡೂ ಒಂದೇ ಪವರ್‌ನಲ್ಲಿ ಕಳಿಸುತ್ತಿವೆ. ಊರಿನ ಕಟ್ಟಡಗಳ ನಡುವೆ ಸಿಗ್ನಲ್ ಹೆಚ್ಚುಕಡಿಮೆ ದೂರದ ನಾಲ್ಕನೇ ಘಾತದಂತೆ ಕ್ಷೀಣಿಸುತ್ತದೆ. ದೂರ 20 ಪಟ್ಟು, ಹಾಗಾಗಿ ಸಿಗ್ನಲ್ 1,60,000 ಪಟ್ಟು ಕಡಿಮೆ. ಅದು 52 ಡೆಸಿಬೆಲ್. ಕೋಡ್‌ನಿಂದ 21 ವಾಪಸ್ ಸಿಕ್ಕಿತು. ಆದರೂ ದೂರದ ಫೋನು ಹತ್ತಿರದ ಫೋನಿನ ಗದ್ದಲಕ್ಕಿಂತ 31 ಡೆಸಿಬೆಲ್ ಕೆಳಗೇ ಉಳಿಯಿತು. ಮಾತು ಅರ್ಥವಾಗಬೇಕಾದರೆ ಗದ್ದಲಕ್ಕಿಂತ ಸುಮಾರು 7 ಡೆಸಿಬೆಲ್ ಮೇಲಿರಬೇಕು. ಒಟ್ಟು ಕೊರತೆ 38 ಡೆಸಿಬೆಲ್. ಒಬ್ಬನೇ ಒಬ್ಬ ಟವರಿನ ಕೆಳಗೆ ನಿಂತು ಮಾತಾಡಿದರೆ ಸಾಕು, 2 ಕಿಲೋಮೀಟರ್ ಆಚೆಯವರ ಕರೆಗಳೆಲ್ಲ ಕಡಿದುಹೋಗುತ್ತವೆ. ಇದನ್ನೇ ನಿಯರ್-ಫಾರ್ ಸಮಸ್ಯೆ ಅನ್ನುವುದು.

ಕೋಡ್‌ಗಳು ಒಂದಕ್ಕೊಂದು ಪೂರ್ತಿ ಅಡ್ಡಬರದಂತೆ ಮಾಡಬಹುದಲ್ವಾ ಎಂದು ನೀವು ಕೇಳಬಹುದು. ಟವರಿನಿಂದ ಫೋನಿಗೆ ಹೋಗುವ ದಾರಿಯಲ್ಲಿ ಹಾಗೇ ಮಾಡುತ್ತಾರೆ. ಅಲ್ಲಿ ಎಲ್ಲ ಸಿಗ್ನಲ್‌ಗಳೂ ಒಂದೇ ಆಂಟೆನಾದಿಂದ, ಒಂದೇ ತಾಳಕ್ಕೆ ಹೊರಡುತ್ತವೆ. ಫೋನಿನಿಂದ ಟವರಿಗೆ ಬರುವಾಗ ಒಬ್ಬೊಬ್ಬರೂ ಒಂದೊಂದು ದೂರದಿಂದ ಬರುತ್ತಾರೆ, ಚಿಪ್‌ಗಳು ಹೊಂದಿಕೊಳ್ಳುವುದಿಲ್ಲ. ಹಾಗಾಗಿ ಬೇರೆಯವರೆಲ್ಲರೂ ಪರಸ್ಪರ ಗದ್ದಲವೇ.

ಎಲ್ಲರೂ ಟವರಿಗೆ ಸಮನಾಗಿ ತಲುಪಿದರೆ ಎಷ್ಟು ಜನ ಮಾತಾಡಬಹುದು? 7 ಡೆಸಿಬೆಲ್ ಅಂದರೆ ಸುಮಾರು 5 ಪಟ್ಟು. 128ನ್ನು 5ರಿಂದ ಭಾಗಿಸಿದರೆ 25 ಚಿಲ್ಲರೆ. ನನ್ನ ಜೊತೆ ಇನ್ನು 25 ಜನ, ಒಟ್ಟು 26. ಪಕ್ಕದ ಟವರುಗಳ ಗದ್ದಲ, ಮಾತಿನ ನಡುವಿನ ಮೌನ ಇವನ್ನೆಲ್ಲ ಸದ್ಯಕ್ಕೆ ಬಿಟ್ಟಿದ್ದೇನೆ. ಈಗ ಅವರಲ್ಲಿ ಒಬ್ಬನ ಸಿಗ್ನಲ್ 10 ಡೆಸಿಬೆಲ್ ಜಾಸ್ತಿ ಬಂತು ಅಂದುಕೊಳ್ಳಿ. ಅವನೊಬ್ಬನೇ ಹತ್ತು ಜನಕ್ಕೆ ಸಮ. 26 ಇದ್ದದ್ದು 17ಕ್ಕೆ ಇಳಿಯಿತು. 20 ಡೆಸಿಬೆಲ್ ಜಾಸ್ತಿ ಬಂದರೆ ಅವನು ನೂರು ಜನಕ್ಕೆ ಸಮ. ಉಳಿದವರಿಗೆ ಜಾಗವೇ ಇಲ್ಲ. ಒಂದು ಸೆಲ್ಲಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ ಅನ್ನುವುದು ಪವರ್ ಎಷ್ಟು ಬಿಗಿಯಾಗಿ ಹಿಡಿತದಲ್ಲಿದೆ ಅನ್ನುವುದರ ಮೇಲೇ ನಿಂತಿದೆ. 1989ರಲ್ಲಿ ಕ್ವಾಲ್ಕಾಮ್ ಕಂಪನಿ ಸ್ಯಾನ್ ಡಿಯಾಗೊದಲ್ಲಿ ಸಿಡಿಎಂಎ ಫೋನನ್ನು ಮಾಡಿ ತೋರಿಸಿತು. ಅಲ್ಲಿ ಸಾಬೀತಾಗಬೇಕಿದ್ದ ಕಷ್ಟದ ಭಾಗಗಳಲ್ಲಿ ಇದೂ ಒಂದು.

ಮೊದಲನೇ ಹೆಜ್ಜೆ ಸರಳ. ಟವರಿನ ಸಿಗ್ನಲ್ ಜೋರಾಗಿ ಕೇಳಿಸಿದರೆ ಟವರು ಹತ್ತಿರವಿದೆ, ಮೆಲ್ಲಗೆ ಕಳಿಸು. ಕ್ಷೀಣವಾಗಿ ಕೇಳಿಸಿದರೆ ಜೋರಾಗಿ ಕಳಿಸು. ಇದಕ್ಕೆ ಓಪನ್ ಲೂಪ್ ಅನ್ನುತ್ತಾರೆ. 800 ಮೆಗಾಹರ್ಟ್ಸ್ ಫೋನುಗಳಲ್ಲಿ ಲೆಕ್ಕ ಹೀಗೆ:

```
Tx = -73 - Rx      (dBm)
```

`Rx` ಅಂದರೆ ಫೋನಿಗೆ ಬಂದದ್ದು, `Tx` ಅಂದರೆ ಫೋನು ಕಳಿಸುವುದು, ಡಿಬಿಎಂ ಅಂದರೆ 1 ಮಿಲಿವ್ಯಾಟಿಗೆ ಹೋಲಿಸಿದ ಡೆಸಿಬೆಲ್. ಫೋನಿಗೆ ಬಂದದ್ದು ಮೈನಸ್ 60 ಡಿಬಿಎಂ ಆದರೆ ಕಳಿಸುವುದು ಮೈನಸ್ 13, ಅಂದರೆ 0.05 ಮಿಲಿವ್ಯಾಟ್. ಬಂದದ್ದು ಮೈನಸ್ 95 ಆದರೆ ಕಳಿಸುವುದು ಪ್ಲಸ್ 22, ಸುಮಾರು 160 ಮಿಲಿವ್ಯಾಟ್. ಮೂರು ಸಾವಿರ ಪಟ್ಟಿಗೂ ಜಾಸ್ತಿ ವ್ಯತ್ಯಾಸ! ಇಷ್ಟನ್ನು ಫೋನು ಯಾರನ್ನೂ ಕೇಳದೆ ತಾನೇ ಮಾಡಿಕೊಳ್ಳುತ್ತದೆ. ಕಟ್ಟಡದ ಮರೆಯಿಂದ ಸಟ್ಟನೆ ಬಯಲಿಗೆ ಬಂದಾಗ ನಮ್ಮನ್ನು ಕಾಪಾಡುವುದೂ ಮುಖ್ಯವಾಗಿ ಇದೇ.

ಆದರೆ ಇದು ಬರೀ ಅಂದಾಜು. ಬರುವ ಫ್ರೀಕ್ವೆನ್ಸಿಗೂ ಹೋಗುವ ಫ್ರೀಕ್ವೆನ್ಸಿಗೂ 45 ಮೆಗಾಹರ್ಟ್ಸ್ ಅಂತರವಿದೆ. ದೂರದಿಂದ, ಗೋಡೆಯಿಂದ ಆಗುವ ನಷ್ಟ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಕಟ್ಟಡಗಳಿಗೆ ಬಡಿದು ಬಂದ ಪ್ರತಿಫಲನಗಳು ಒಂದನ್ನೊಂದು ಅಳಿಸಿಹಾಕುವುದರಿಂದ ಆಗುವ ಏರಿಳಿತ, ಅಂದರೆ ಫೇಡಿಂಗ್, ಒಂದೇ ಅಲ್ಲ. ಫೋನಿಗೆ ಟವರು ಚೆನ್ನಾಗಿ ಕೇಳಿಸುವ ಕ್ಷಣದಲ್ಲೇ ಟವರಿಗೆ ಫೋನು ಕೇಳಿಸದೆ ಇರಬಹುದು. ಅದು ಗೊತ್ತಾಗುವುದು ಟವರಿಗೆ ಮಾತ್ರ.

ಆದ್ದರಿಂದ ಎರಡನೇ ಹೆಜ್ಜೆಯಲ್ಲಿ ಟವರೇ ಅಳೆದು ಹೇಳುತ್ತದೆ. ಇದು ಕ್ಲೋಸ್ಡ್ ಲೂಪ್. ಮಾತು 20 ಮಿಲಿಸೆಕೆಂಡಿನ ಕಂತುಗಳಲ್ಲಿ ಹೋಗುತ್ತದೆ, ಒಂದೊಂದು ಕಂತೂ ಒಂದು ಫ್ರೇಮ್. ಆ ಫ್ರೇಮನ್ನು 16 ತುಂಡು ಮಾಡಿದ್ದಾರೆ, ಒಂದೊಂದು 1.25 ಮಿಲಿಸೆಕೆಂಡ್. ಪ್ರತಿ ತುಂಡಿನಲ್ಲೂ ಟವರು ಈ ಫೋನಿನ ಸಿಗ್ನಲ್ ಅಳೆಯುತ್ತದೆ, ಗುರಿಯೊಂದಿಗೆ ಹೋಲಿಸುತ್ತದೆ, ಒಂದೇ ಒಂದು ಬಿಟ್ ಕಳಿಸುತ್ತದೆ. ಸೊನ್ನೆ ಬಂದರೆ 1 ಡೆಸಿಬೆಲ್ ಏರಿಸು, ಒಂದು ಬಂದರೆ 1 ಡೆಸಿಬೆಲ್ ಇಳಿಸು. 'ಈಗಿದ್ದಂತೇ ಇರು' ಎನ್ನುವ ಆಜ್ಞೆಯೇ ಇಲ್ಲ. ಹಾಗಾಗಿ ಎಲ್ಲ ಸರಿಯಿದ್ದಾಗಲೂ ಫೋನು ಗುರಿಯ ಆಚೀಚೆ ಸಣ್ಣಗೆ ತೂಗಾಡುತ್ತಲೇ ಇರುತ್ತದೆ. ಸೆಕೆಂಡಿಗೆ 800 ಸಲ.

ಈ ಬಿಟ್ಟನ್ನು ಕಳಿಸುವ ರೀತಿ ನನಗೆ ಬಹಳ ಇಷ್ಟ. ಮಾತಿನ ಬಿಟ್‌ಗಳಿಗೆಲ್ಲ ತಪ್ಪು ತಿದ್ದುವ ಕೋಡಿಂಗ್ ಇರುತ್ತದೆ. ಈ ಬಿಟ್ಟಿಗೆ ಮಾತ್ರ ಯಾವ ರಕ್ಷಣೆಯೂ ಇಲ್ಲ. ಕೋಡಿಂಗ್ ಹಾಕಿದರೆ ಬಿಡಿಸಲು ಇಡೀ ಫ್ರೇಮು ಬರುವ ತನಕ ಕಾಯಬೇಕು. ಅಷ್ಟರಲ್ಲಿ ಆಜ್ಞೆ ಹಳಸಿಹೋಗಿರುತ್ತದೆ. ಅದಕ್ಕೇ ಮಾತಿನ ಬಿಟ್‌ಗಳ ನಡುವೆ ಒಂದಷ್ಟನ್ನು ಅಳಿಸಿ, ಆ ಜಾಗದಲ್ಲಿ ಇದನ್ನು ಹಾಗೇ ತೂರಿಸುತ್ತಾರೆ. ಆಗೀಗ ಒಂದು ಬಿಟ್ ತಪ್ಪಾಗಿ ತಲುಪಿದರೆ ಆಗುವುದು ಬರೀ 2 ಡೆಸಿಬೆಲ್ ವ್ಯತ್ಯಾಸ, ಮುಂದಿನ ಬಿಟ್‌ಗಳು ಅದನ್ನು ಸರಿಮಾಡಿಬಿಡುತ್ತವೆ. ಇಲ್ಲಿ ತಪ್ಪಿಗಿಂತ ತಡವೇ ದೊಡ್ಡ ಶತ್ರು.

ಸೆಕೆಂಡಿಗೆ 800 ಸಲ ಸಾಕಾ? ಲೆಕ್ಕ ಹಾಕೋಣ. 850 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಅದರ ಅರ್ಧದಷ್ಟು, ಅಂದರೆ ಸುಮಾರು 18 ಸೆಂಟಿಮೀಟರ್ ಸರಿದರೆ ಫೇಡಿಂಗಿನಲ್ಲಿ ಸಿಗ್ನಲ್ ಕುಸಿಯುವ ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಬಂದಂತೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುವವನಿಗೆ ಅಷ್ಟು ದೂರಕ್ಕೆ ನೂರರಷ್ಟು ಆಜ್ಞೆ ಸಿಗುತ್ತವೆ. ಪ್ರತಿ ಗುಂಡಿಯನ್ನೂ ನೀಟಾಗಿ ತುಂಬಿಸಬಹುದು. ಗಂಟೆಗೆ 60 ಕಿಲೋಮೀಟರ್ ಓಡುವ ಬಸ್ಸಿನಲ್ಲಿ ಕೂತವನಿಗೆ ಸಿಗುವುದು ಎಂಟೇ ಎಂಟು. ಅಳೆದು, ಹೇಳಿ, ಪಾಲಿಸುವಷ್ಟರಲ್ಲಿ ಅದರಲ್ಲೂ ಎರಡು ಹೋಯಿತು. ಬಸ್ಸಿನವನ ಫೇಡಿಂಗನ್ನು ಈ ಲೂಪ್ ಹಿಡಿಯಲಾರದು. ಆದರೆ ಬಸ್ಸು ಅಷ್ಟು ಜೋರಾಗಿ ಓಡುತ್ತಿರುವಾಗ ಒಂದೇ ಫ್ರೇಮಿನಲ್ಲಿ ಗುಂಡಿಯೂ ದಿಬ್ಬವೂ ಬಂದುಹೋಗುತ್ತವೆ. ಬಿಟ್‌ಗಳನ್ನು ಮೊದಲೇ ಕಲಸಿಟ್ಟಿರುವುದರಿಂದ, ಗುಂಡಿಯಲ್ಲಿ ಕಳೆದದ್ದನ್ನು ತಪ್ಪು ತಿದ್ದುವ ಕೋಡಿಂಗ್ ಎತ್ತಿಕೊಳ್ಳುತ್ತದೆ. ನಡೆಯುವವನನ್ನು ಪವರ್ ಕಂಟ್ರೋಲ್ ಕಾಯುತ್ತದೆ, ಓಡುವವನನ್ನು ಕೋಡಿಂಗ್ ಕಾಯುತ್ತದೆ. ನಿಜವಾದ ಪಾಡು ಇವೆರಡರ ನಡುವಿನವನದು, ಊರೊಳಗೆ ಮಧ್ಯಮ ವೇಗದಲ್ಲಿ ಹೋಗುವವನದು. ಎರಡೂ ಅರೆಬರೆ ಕೆಲಸ ಮಾಡುತ್ತವೆ, ಅವನಿಗೇ ಜಾಸ್ತಿ ಪವರ್ ಬೇಕಾಗುತ್ತದೆ.

ಹಾಗಾದರೆ 7 ಡೆಸಿಬೆಲ್ ಎಂಬ ಗುರಿಯನ್ನೂ ಎಲ್ಲರಿಗೂ ಒಂದೇ ಇಡುವಂತಿಲ್ಲ ಅಂತಾಯಿತು. ಅದಕ್ಕೆ ಔಟರ್ ಲೂಪ್ ಇದೆ. ಅದು ಫ್ರೇಮ್ ಸರಿಯಾಗಿ ಬಂತೋ ಇಲ್ಲವೋ ಎಂದಷ್ಟೇ ನೋಡುತ್ತದೆ. ಒಂದು ಫ್ರೇಮ್ ಕೆಟ್ಟರೆ ಗುರಿಯನ್ನು, ಹೇಳೋಣ, 0.5 ಡೆಸಿಬೆಲ್ ಏರಿಸುತ್ತದೆ. ಸರಿಯಾಗಿ ಬಂದ ಪ್ರತಿ ಫ್ರೇಮಿಗೂ 0.005ರಷ್ಟು ಇಳಿಸುತ್ತದೆ. ಏರಿಕೆ ಇಳಿಕೆಯ ಸುಮಾರು ನೂರು ಪಟ್ಟು ಇರುವುದರಿಂದ, ನೂರಕ್ಕೆ ಒಂದು ಫ್ರೇಮ್ ಕೆಡುವ ಮಟ್ಟದಲ್ಲಿ ಅದು ತಾನಾಗೇ ನಿಲ್ಲುತ್ತದೆ. ಮಾತಿಗೆ ಅಷ್ಟು ಸಾಕು. ಅದಕ್ಕಿಂತ ಚೆನ್ನಾಗಿರಲಿ ಎಂದು ಸುಮ್ನೆ ಪವರ್ ಕೊಟ್ಟರೆ ಬೇರೆಯವರ ಜಾಗ ತಿಂದಂತೆ.

ಎರಡು ಟವರುಗಳ ಗಡಿಯಲ್ಲಿರುವ ಫೋನು ಎರಡರಿಂದಲೂ ಆಜ್ಞೆ ಪಡೆಯುತ್ತದೆ. ಒಂದು ಏರಿಸು ಅನ್ನುತ್ತದೆ, ಇನ್ನೊಂದು ಇಳಿಸು ಅನ್ನುತ್ತದೆ. ಯಾರ ಮಾತು ಕೇಳಬೇಕು? ನಿಯಮ ಸ್ಪಷ್ಟ: ಯಾರೇ ಒಬ್ಬರು ಇಳಿಸು ಅಂದರೂ ಇಳಿಸಬೇಕು. ಒಂದು ಟವರಿಗೆ ಚೆನ್ನಾಗಿ ಕೇಳಿಸಿದರೆ ಕರೆ ನಡೆಯುತ್ತದೆ. ಏರಿಸಿದರೆ, ಈಗಾಗಲೇ ಚೆನ್ನಾಗಿ ಕೇಳಿಸಿಕೊಳ್ಳುತ್ತಿರುವ ಟವರಿನಲ್ಲಿ ಮಾತಾಡುತ್ತಿರುವ ಎಲ್ಲರಿಗೂ ತೊಂದರೆ.

ಕೊನೆಗೆ, ಇದೆಲ್ಲ ಕೆಟ್ಟಾಗ ಗೊತ್ತಾಗುವುದು ಹೇಗೆ? ಪರೀಕ್ಷೆಯ ಫೋನನ್ನು ಕಾರಿನಲ್ಲಿಟ್ಟುಕೊಂಡು ಊರು ಸುತ್ತುವಾಗ ಲ್ಯಾಪ್‌ಟಾಪಿನಲ್ಲಿ `Rx`, `Tx`, `Tx Adj` ಎಂಬ ಮೂರು ಗೆರೆ ಕಾಣುತ್ತವೆ. ಮೂರನೆಯದು ಕ್ಲೋಸ್ಡ್ ಲೂಪ್ ಮಾಡಿದ ಒಟ್ಟು ತಿದ್ದುಪಡಿ. ಬಂದದ್ದು ಮೈನಸ್ 80 ಇದ್ದರೆ ಅಂದಾಜಿನ ಪ್ರಕಾರ ಪ್ಲಸ್ 7 ಕಳಿಸಬೇಕು. ಪರದೆಯಲ್ಲಿ ಪ್ಲಸ್ 19 ಕಂಡರೆ, ಟವರು ಅಂದಾಜಿಗಿಂತ 12 ಡೆಸಿಬೆಲ್ ಜಾಸ್ತಿ ಕೇಳುತ್ತಿದೆ ಎಂದರ್ಥ. ಗಡಿಯಲ್ಲಿ ಹೀಗಾದರೆ ಗಾಬರಿ ಬೇಡ. ಫೋನು ಹಲವು ಟವರುಗಳ ಸಿಗ್ನಲ್ಲನ್ನು ಒಟ್ಟಿಗೆ ಅಳೆದು, ಟವರು ಹತ್ತಿರವಿದೆ ಎಂದು ಮೋಸಹೋಗಿರುತ್ತದೆ. ಆದರೆ ಒಂದೇ ಟವರಿನ ಸುತ್ತ, ಎಲ್ಲ ಬೀದಿಗಳಲ್ಲೂ, ಜನ ಮಲಗಿರುವ ರಾತ್ರಿಯಲ್ಲೂ ಆ 12 ಹಾಗೇ ಇದ್ದರೆ ಅದು ಜನದಟ್ಟಣೆಯಿಂದ ಆದದ್ದಲ್ಲ. ಆಗ ಟವರಿನ ರಿಸೀವರಿನಲ್ಲಿ ಒಟ್ಟು ಗದ್ದಲದ ಮಟ್ಟ ನೋಡಬೇಕು. ಅದು ಏರಿದ್ದರೆ ಹೊರಗಿನ ಯಾವುದೋ ಯಂತ್ರ ಈ ಪಟ್ಟಿಯಲ್ಲಿ ಕೂಗುತ್ತಿದೆ, ಅದನ್ನು ಹುಡುಕಲು ಆಂಟೆನಾ ಹಿಡಿದು ಹೊರಡಬೇಕು. ಗದ್ದಲ ಮಾಮೂಲಿಯಾಗಿದ್ದರೆ, ಸಿಗ್ನಲ್ ಒಳಬರುವ ದಾರಿಯಲ್ಲೇ ಸೋರುತ್ತಿದೆ. ಮೊದಲು ರಿಸೀವ್ ಆಂಟೆನಾದ ಕೇಬಲ್ಲಿನ ಕನೆಕ್ಟರ್ ಬಿಚ್ಚಿ, ಒಳಗೆ ಮಳೆನೀರು ಇಳಿದಿದೆಯಾ ನೋಡಿ.