ಟ್ಯಾಪ್ ಮಾಡಿದರೂ ಮಷೀನ್ ಪಿನ್ ಕೇಳುವುದೇಕೆ?

ಎಲ್ಲರಿಗೂ ನಮಸ್ಕಾರ. ಕಪಡಾ ಬಜಾರಿನವರು, ಸೂಪರ್ ಮಾರ್ಕೆಟ್‌ನವರು, ಗಂಜಿನಿಂದ ಬಂದವರು, ಎಲ್ಲರೂ ವ್ಯಾಪಾರ ಬಿಟ್ಟು ಬಂದಿದ್ದೀರಿ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮದುವೆ ಸೀಸನ್‌ನಲ್ಲಿ ನಿಮ್ಮ ಗಲ್ಲಾದ ಮುಂದೆ ಈ ಮಾತು ಕೇಳಿಸದ ದಿನವಿಲ್ಲ. "ಅಣ್ಣಾರೆ, ಮುಂಜಾನೆ ಮೆಡಿಕಲ್‌ದಾಗ ಸುಮ್ನೆ ಕಾರ್ಡ್ ತೋರಿಸಿದೆ, ರೊಕ್ಕ ಹೋಯ್ತು. ನಿಮ್ ಮಷೀನ್ ಯಾಕ್ರಿ ಪಿನ್ ಕೇಳ್ಲತ್ತದ?" ಗಿರಾಕಿಗೆ ಅನುಮಾನ, ನಿಮಗೆ ಮುಜುಗರ. ಹಿಂದೆ ನಿಂತವರಿಗೆ ಅವಸರ. ಮಷೀನ್ ಕೆಟ್ಟಿದೆ ಅಂತ ನನಗೆ ಫೋನ್ ಬರುತ್ತದೆ. ಮಷೀನ್ ಹಾಕಿಕೊಡುವುದು, ರಿಪೇರಿ ಮಾಡುವುದು ನನ್ನ ಕೆಲಸ. ಇಂಥ ಫೋನ್ ಬಂದಾಗ ಬಹಳ ಸಲ ಮಷೀನ್ ಕೆಟ್ಟಿರುವುದೇ ಇಲ್ಲ.

ಮೊದಲು ಟ್ಯಾಪ್ ಮಾಡಿದಾಗ ಏನಾಗುತ್ತದೆ ಅಂತ ನೋಡೋಣ. ಕಾರ್ಡ್‌ನಲ್ಲಿ ಬ್ಯಾಟರಿ ಇಲ್ಲ. ನಿಮ್ಮ ಮಷೀನ್ ಸುತ್ತ ಒಂದು ರೇಡಿಯೋ ಅಲೆ ಇರುತ್ತದೆ. ಕಾರ್ಡ್ ನಾಲ್ಕೈದು ಸೆಂಟಿಮೀಟರ್ ಹತ್ತಿರ ಬಂದರೆ ಅದರೊಳಗಿನ ಚಿಪ್ಪಿಗೆ ಆ ಅಲೆಯಿಂದಲೇ ಕರೆಂಟ್ ಸಿಗುತ್ತದೆ. ಸುಮಾರು ಅರ್ಧ ಸೆಕೆಂಡಿನಲ್ಲಿ ಚಿಪ್ಪು ಆ ಬಿಲ್ಲಿನ ಮೊತ್ತ ಸೇರಿಸಿ ಒಂದು ಗುಪ್ತ ಸಹಿ ಲೆಕ್ಕ ಹಾಕಿ ಕೊಡುತ್ತದೆ. ಆ ಸಹಿ ಒಂದು ಸಲಕ್ಕೆ ಮಾತ್ರ. ಪಕ್ಕದಲ್ಲಿ ಯಾರಾದರೂ ಕದ್ದು ಕೇಳಿಸಿಕೊಂಡರೂ ಅದನ್ನು ಇನ್ನೊಂದು ಬಿಲ್ಲಿಗೆ ಹಚ್ಚಲು ಆಗುವುದಿಲ್ಲ.

ಅಂದರೆ ಕಾರ್ಡ್ ಅಸಲಿ ಅನ್ನುವುದು ಟ್ಯಾಪ್‌ನಿಂದ ಗಟ್ಟಿಯಾಗಿ ಗೊತ್ತಾಗುತ್ತದೆ. ಆದರೆ ಕಾರ್ಡ್ ಹಿಡಿದವರು ಅದರ ಮಾಲೀಕರೋ, ಬಸ್ ಸ್ಟ್ಯಾಂಡಿನಲ್ಲಿ ಬಿದ್ದ ಪಾಕೀಟು ಎತ್ತಿಕೊಂಡವರೋ, ಅದು ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಪಿನ್ ಮಾತ್ರ. ಪಿನ್ ಬಿಟ್ಟರೆ ಕಳೆದ ಕಾರ್ಡ್ ಯಾರ ಕೈಯಲ್ಲಿದ್ದರೂ ನಡೆಯುತ್ತದೆ. ಮೊತ್ತದ ಮಿತಿ ಇರುವುದು ಇದಕ್ಕಾಗಿಯೇ. ಕಳ್ಳನ ಕೈಗೆ ಸಿಕ್ಕರೂ ಒಂದು ಟ್ಯಾಪ್‌ನಲ್ಲಿ ಹೋಗುವ ದುಡ್ಡಿಗೆ ಒಂದು ಅಂಚು ಇರಲಿ ಅಂತ.

ನಮ್ಮ ದೇಶದಲ್ಲಿ ಆ ಅಂಚನ್ನು ಹಾಕಿದ್ದು ರಿಸರ್ವ್ ಬ್ಯಾಂಕ್. 2015ರ ಮೇ ತಿಂಗಳಲ್ಲಿ 2,000 ರೂಪಾಯಿವರೆಗಿನ ಟ್ಯಾಪ್‌ಗೆ ಪಿನ್ ಬೇಡ ಅಂತ ಸಡಿಲಿಕೆ ಕೊಟ್ಟಿತು. 2021ರ ಜನವರಿ 1ರಿಂದ ಅದನ್ನು 5,000ಕ್ಕೆ ಏರಿಸಿತು. ಅದಕ್ಕಿಂತ ಜಾಸ್ತಿ ಇದ್ದರೂ ಟ್ಯಾಪ್ ಮಾಡಬಹುದು, ಆದರೆ ಪಿನ್ ಹಾಕಲೇಬೇಕು. ಇಷ್ಟು ಎಲ್ಲರಿಗೂ ಗೊತ್ತು. 2015ರ ಆ ಸುತ್ತೋಲೆಯಲ್ಲೇ ಇನ್ನೂ ಎರಡು ಮಾತಿವೆ. ಅವು ಯಾರ ಕಣ್ಣಿಗೂ ಬಿದ್ದಂತಿಲ್ಲ. ಬ್ಯಾಂಕುಗಳು ತಮ್ಮ ಮಟ್ಟಿಗೆ ಇನ್ನೂ ಕಡಿಮೆ ಮಿತಿ ಇಟ್ಟುಕೊಳ್ಳಬಹುದು ಅನ್ನುವುದು ಒಂದು. ದಿನಕ್ಕೆ, ವಾರಕ್ಕೆ, ತಿಂಗಳಿಗೆ ಪಿನ್ ಇಲ್ಲದ ಇಂಥ ವ್ಯವಹಾರ ಎಷ್ಟು ಬಿಡಬೇಕು ಅಂತ ಬ್ಯಾಂಕೇ ಲೆಕ್ಕ ಇಡಬಹುದು ಅನ್ನುವುದು ಇನ್ನೊಂದು. ನಿಮ್ಮ ಗಿರಾಕಿಯ ಸಿಟ್ಟಿಗೆ ಉತ್ತರ ಈ ಎರಡನೇ ಮಾತಿನಲ್ಲಿದೆ.

ಒಂದು ದಿನದ ಲೆಕ್ಕ ಹಾಕಿ ನೋಡೋಣ. ಶಹಾಬಾದಿನ ಒಬ್ಬ ಟೀಚರಮ್ಮ ಮಗಳ ಮದುವೆ ಬಟ್ಟೆಗೆ ಕಲಬುರಗಿಗೆ ಬಂದಿದ್ದಾರೆ ಅನ್ನಿ. ಮೆಡಿಕಲ್‌ನಲ್ಲಿ 640 ರೂಪಾಯಿ, ಟ್ಯಾಪ್. ಪೆಟ್ರೋಲಿಗೆ 1,000, ಟ್ಯಾಪ್. ಬೇಕರಿಯಲ್ಲಿ 310. ಚಪ್ಪಲಿ ಅಂಗಡಿಯಲ್ಲಿ 1,799. ಎಲ್ಲೂ ಪಿನ್ ಕೇಳಲಿಲ್ಲ. ಆಮೇಲೆ ನಿಮ್ಮ ಅಂಗಡಿಗೆ ಬಂದು 4,200ರ ಸೀರೆ ತಗೊಂಡರು. ಟ್ಯಾಪ್ ಮಾಡಿದರು. ಮಷೀನ್ ಎರಡು ಮೂರು ಸೆಕೆಂಡ್ ಯೋಚಿಸಿ ಪಿನ್ ಕೇಳಿತು. 4,200 ಅಂದರೆ 5,000ಕ್ಕಿಂತ ಕಡಿಮೆ, ಅಲ್ವಾ? ಹಾಗಿದ್ದರೆ ಯಾಕೆ?

ಮೊದಲ ನಾಲ್ಕು ಬಿಲ್ ಕೂಡಿಸಿ. 3,749. ಸೀರೆ ಸೇರಿದರೆ 7,949. ಅವರ ಬ್ಯಾಂಕು ಒಂದು ದಿನಕ್ಕೆ ಪಿನ್ ಇಲ್ಲದೆ 6,000ವರೆಗೆ ಮಾತ್ರ ಬಿಡುತ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಸೀರೆಯ ಬಿಲ್ಲು ಒಂಟಿಯಾಗಿ ಮಿತಿಯೊಳಗಿದೆ, ಆದರೆ ದಿನದ ಒಟ್ಟು ಮೊತ್ತ ಮಿತಿ ದಾಟಿತು. ನಮ್ಮ ಕಿರಾಣಿ ಅಂಗಡಿಯ ಉದ್ರಿ ಖಾತೆ ಇದ್ದ ಹಾಗೆ. ಚಹಾಪುಡಿಗೆ, ಸಕ್ಕರೆಗೆ ಸಾಹುಕಾರರು ಏನೂ ಕೇಳದೆ ಬರೆದುಕೊಳ್ಳುತ್ತಾರೆ. ಒಟ್ಟು ಬಾಕಿ ಒಂದು ಗೆರೆ ಮುಟ್ಟಿದ ದಿನ "ಸ್ವಲ್ಪ ನಿಲ್ಲಿ" ಅನ್ನುತ್ತಾರೆ. ಆವತ್ತು ನೀವು ತಂದದ್ದು ಬರೀ ಬೆಂಕಿಪೊಟ್ಟಣ ಇರಬಹುದು.

ಈ ಗೆರೆ ಎಲ್ಲಿದೆ ಅಂತ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಬೋರ್ಡಿಗೆ ಹಚ್ಚುವುದಿಲ್ಲ. ಕಳ್ಳನಿಗೂ ಅದು ಗೊತ್ತಾಗುತ್ತದಲ್ಲ. ಯುರೋಪಿನಲ್ಲಿ ಮಾತ್ರ ಇದು ಕಾನೂನಿನಲ್ಲೇ ಬರೆದಿದೆ. ಅಲ್ಲಿ ಪಿನ್ ಇಲ್ಲದ ಒಂದು ಟ್ಯಾಪ್ 50 ಯುರೋ ದಾಟುವಂತಿಲ್ಲ. ಹಿಂದಿನ ಸಲ ಪಿನ್ ಹಾಕಿದಾಗಿನಿಂದ ಒಟ್ಟು 150 ಯುರೋ, ಇಲ್ಲವೇ ಸತತ ಐದು ಟ್ಯಾಪ್, ಈ ಎರಡರಲ್ಲಿ ಬ್ಯಾಂಕು ಯಾವುದನ್ನು ಎಣಿಸುತ್ತದೋ ಅದು ಮುಗಿದ ಮೇಲೆ ಪಿನ್ ಕೇಳಬೇಕು. ಪಿನ್ ಹಾಕಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಐದು ಸಲ ಬರೀ ಕಾಫಿ ಕುಡಿದವರಿಗೂ ಆರನೇ ಕಾಫಿಗೆ ಪಿನ್ ಬರಬಹುದು. ಎಣಿಕೆ ಬ್ಯಾಂಕಿನ ಕಂಪ್ಯೂಟರಿನಲ್ಲೇ ಇರಬೇಕು ಅಂತೇನಿಲ್ಲ. ಕಾರ್ಡಿನ ಚಿಪ್ಪಿನೊಳಗೂ ಇಂಥ ಸಣ್ಣ ಕೌಂಟರ್ ಇಡಬಹುದು. ಆಗ ಬ್ಯಾಂಕನ್ನು ಕೇಳುವ ಮೊದಲೇ ಕಾರ್ಡೇ "ಈ ಸಲ ಹಾಗೇ ಆಗುವುದಿಲ್ಲ" ಅಂತ ಮಷೀನಿಗೆ ಹೇಳುತ್ತದೆ.

ಹಾಗಾದರೆ ಪಿನ್ ಕೇಳುವವರು ಮೂವರು. ನಿಮ್ಮ ಮಷೀನ್, ಗಿರಾಕಿಯ ಕಾರ್ಡ್, ಗಿರಾಕಿಯ ಬ್ಯಾಂಕು. ಯಾರು ಕೇಳಿದರು ಅಂತ ಗಲ್ಲಾದ ಮುಂದೆ ನಿಂತೇ ಹೆಚ್ಚು ಕಡಿಮೆ ಗುರುತಿಸಬಹುದು. ದಯವಿಟ್ಟು ಇದನ್ನು ನಿಮ್ಮ ಅಂಗಡಿಯ ಹುಡುಗರಿಗೂ ಹೇಳಿಕೊಡಿ.

6,400 ರೂಪಾಯಿ ಒತ್ತಿ ಟ್ಯಾಪ್ ಮಾಡಿದಿರಿ. ಮಷೀನ್ ಎಲ್ಲಿಗೂ ಕನೆಕ್ಟ್ ಆಗುವ ಮೊದಲೇ, ಬೀಪ್ ಆದ ಕೂಡಲೇ ಪಿನ್ ಸ್ಕ್ರೀನ್ ಬಂತು. ಇದು ಮಷೀನಿನದೇ ಕೆಲಸ. ಅದರ ಹೊಟ್ಟೆಯಲ್ಲಿ ಒಂದು ಅಂಕಿ ಇರುತ್ತದೆ. ಮೊತ್ತ ಅದನ್ನು ದಾಟಿದರೆ ಪಿನ್ ಕೇಳು ಅಂತ. ಆ ಅಂಕಿಯನ್ನು ತುಂಬುವುದು ನಿಮಗೆ ಮಷೀನ್ ಕೊಟ್ಟ ಬ್ಯಾಂಕು ಅಥವಾ ಕಂಪನಿ. ಗಿರಾಕಿಯ ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಮಿತಿ 5,000 ಆದ ಮೇಲೂ ಅಪ್‌ಡೇಟ್ ಆಗದ ಮಷೀನ್ ಹಳೇ 2,000ವನ್ನೇ ಹಿಡಿದು ಕೂತಿರುತ್ತದೆ. ಪರೀಕ್ಷೆ ಸುಲಭ. ಬೇರೆ ಬೇರೆ ಬ್ಯಾಂಕಿನ ಕಾರ್ಡುಗಳಿಗೆಲ್ಲ 2,000 ದಾಟಿದ ಕೂಡಲೇ ಪಿನ್ ಬರುತ್ತಿದೆ, ಪಕ್ಕದ ಅಂಗಡಿಯಲ್ಲಿ ಬರುತ್ತಿಲ್ಲ ಅಂದರೆ ತಪ್ಪು ನಿಮ್ಮ ಮಷೀನಿನದು. ಆಗ ಮಾತ್ರ ಸರ್ವಿಸ್‌ನವರಿಗೆ ಫೋನ್ ಮಾಡಿ ಸೆಟ್ಟಿಂಗ್ ಮತ್ತೆ ಡೌನ್‌ಲೋಡ್ ಮಾಡಿಸಿ.

ಇನ್ನು ಟೀಚರಮ್ಮನ ಸೀರೆ. ಅಲ್ಲಿ ಮಷೀನ್ ಮೊದಲು ಕನೆಕ್ಟ್ ಆಯಿತು, ಕಾಯಿತು, ಆಮೇಲೆ ಕೇಳಿತು. ಸಂದೇಶ ಬ್ಯಾಂಕಿನವರೆಗೆ ಹೋಗಿ "ಪಿನ್ ತಗೊಂಡು ಬಾ" ಅಂತ ವಾಪಸ್ ಬಂದಿದೆ ಅಂತ ಅರ್ಥ. ಮಷೀನ್ ಬದಲಿಸಿದರೂ ಇದು ಬದಲಾಗುವುದಿಲ್ಲ. ಕೆಲವು ಮಷೀನ್ ಆಗ ಅಲ್ಲೇ ಪಿನ್ ತಗೊಳ್ಳುತ್ತವೆ. ಕೆಲವಕ್ಕೆ ಅದು ಬರುವುದಿಲ್ಲ, "ಕಾರ್ಡ್ ಒಳಗೆ ಹಾಕಿ" ಅನ್ನುತ್ತವೆ. ಕಾರ್ಡಿನ ಚಿಪ್ಪೇ ಬೇಡ ಅಂದಾಗಲೂ ಸಾಮಾನ್ಯವಾಗಿ ಇದೇ ಮಾತು ಬರುತ್ತದೆ, ಆದರೆ ಆಗ ಕನೆಕ್ಟ್ ಆಗುವ ಮೊದಲೇ ಬರುತ್ತದೆ. ಮತ್ತೆ ಮತ್ತೆ ಟ್ಯಾಪ್ ಮಾಡಬೇಡಿ. ಕಾರ್ಡ್ ಒಳಗೆ ಹಾಕಿ, ಪಿನ್ ಒತ್ತಿಸಿ, ಮುಗಿಯುತ್ತದೆ.

ಒಬ್ಬರು ಕೇಳಿದ್ದರು, ಟ್ಯಾಪ್ ಮಾಡಿ ಕಾರ್ಡ್ ಜೇಬಿಗೆ ಹಾಕಿದ ಮೇಲೆ ಪಿನ್ ಒತ್ತಿದರೆ ಅದನ್ನು ನೋಡುವವರು ಯಾರು ಅಂತ. ಒಳ್ಳೇ ಪ್ರಶ್ನೆ. ಕಾರ್ಡ್ ಒಳಗಿದ್ದರೆ ಚಿಪ್ಪೇ ಪಿನ್ ಸರಿಯಿದೆಯೋ ಅಂತ ನೋಡುವ ವ್ಯವಸ್ಥೆ ಕೆಲವು ದೇಶಗಳಲ್ಲಿ ಉಂಟು. ಟ್ಯಾಪ್‌ನಲ್ಲಿ ಕಾರ್ಡ್ ಆಗಲೇ ದೂರ ಹೋಗಿರುತ್ತದೆ. ಹಾಗಾಗಿ ಪಿನ್ ಗುಪ್ತಲಿಪಿಯಲ್ಲಿ ಬ್ಯಾಂಕಿಗೇ ಹೋಗಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಅದು ಆಗುವ ಮಾತಲ್ಲ. ಮಳೆಗಾಲದಲ್ಲಿ ಸಿಗ್ನಲ್ ಹೋದಾಗ ಪಿನ್ ತಪ್ಪು ಅಂತ ಗಿರಾಕಿಯನ್ನು ಬೈಯಬೇಡಿ. ಮೊದಲು ಮಷೀನಿನ ಮೇಲಿನ ಸಿಗ್ನಲ್ ಕಡ್ಡಿ ನೋಡಿ.

ಈಗ ನಿಮಗೆ ಸ್ವಲ್ಪ ಕಹಿಯಾಗುವ ಮಾತು. 8,000ದ ಬಿಲ್ಲನ್ನು 4,000ದ ಎರಡು ಟ್ಯಾಪ್ ಮಾಡುವ ರೂಢಿ ಕೆಲವು ಅಂಗಡಿಗಳಲ್ಲಿದೆ. ಗಿರಾಕಿಗೆ ಪಿನ್ ನೆನಪಿಲ್ಲ, ವ್ಯಾಪಾರ ಕೈ ಬಿಡಬಾರದು, ನನಗೆ ಅರ್ಥವಾಗುತ್ತದೆ. ಆದರೂ ಬೇಡ. ಪಿನ್ ನೆನಪಿಲ್ಲದವರು ಕಾರ್ಡಿನ ಮಾಲೀಕರೇ ಅಂತ ನಿಮಗೆ ಹೇಗೆ ಗೊತ್ತು? ಒಂದೇ ಅಂಗಡಿಯಲ್ಲಿ ಒಂದೇ ನಿಮಿಷದಲ್ಲಿ ಒಂದೇ ಕಾರ್ಡಿನ ಎರಡು ಟ್ಯಾಪ್, ಎರಡೂ ಮಿತಿಯ ಕೆಳಗೆ. ಬ್ಯಾಂಕಿನ ಕಂಪ್ಯೂಟರ್ ಕಳ್ಳತನ ಅಂತ ಹುಡುಕುವುದು ಇಂಥದನ್ನೇ. ನಾಳೆ ನಿಜವಾದ ಮಾಲೀಕರು ತಕರಾರು ಹಾಕಿದರೆ ಪಿನ್ ಇಲ್ಲದ ಆ ಎರಡು ಸ್ಲಿಪ್ ಹಿಡಿದು ನೀವು ಉತ್ತರ ಕೊಡಬೇಕಾಗುತ್ತದೆ.

ಹಾಗೆಯೇ ಗಿರಾಕಿ "ನನಗೆ ಟ್ಯಾಪ್ ಬೇಡ, ಕಾರ್ಡ್ ಹಾಕಿ ಪಿನ್ ಒತ್ತುತ್ತೇನೆ" ಅಂದರೆ 100 ರೂಪಾಯಿಗಾದರೂ ಒಪ್ಪಿಕೊಳ್ಳಬೇಕು. ಟ್ಯಾಪ್ ಮಾಡಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ ಅಂತ ಅದೇ 2015ರ ಸುತ್ತೋಲೆ ಹೇಳುತ್ತದೆ.

ಕೆಲವರ ಹೊಸ ಕಾರ್ಡ್ ಟ್ಯಾಪ್‌ಗೆ ಜಗ್ಗುವುದೇ ಇಲ್ಲ. ಅದೂ ಕೆಟ್ಟಿರುವುದಲ್ಲ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಟ್ಯಾಪ್ ಬಂದ್ ಆಗಿಯೇ ಬರುತ್ತದೆ. ಬೇಕಾದವರು ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿಕೊಳ್ಳಬೇಕು. ಅಲ್ಲೇ ತಮ್ಮದೇ ಮಿತಿಯನ್ನೂ ಇಟ್ಟುಕೊಳ್ಳಬಹುದು. ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಕಾರ್ಡ್ ಬಳಸುತ್ತಿದ್ದರೆ ಟ್ಯಾಪ್ ಮಿತಿಯನ್ನು 500ಕ್ಕೋ 1,000ಕ್ಕೋ ಇಳಿಸಿ ಕೊಡಿ ಅಂತ ನಾನು ಹೇಳುತ್ತೇನೆ. ತರಕಾರಿಗೆ, ಔಷಧಿಗೆ ಸಾಕು. ಆದರೆ ಅವರಿಗೆ ಹೇಳಿಯೇ ಇಳಿಸಿ. ಇಲ್ಲದಿದ್ದರೆ ಅಂಗಡಿಯಲ್ಲಿ ಕಾರ್ಡ್ ನಡೆಯದೆ ಗಾಬರಿಯಾಗುತ್ತಾರೆ.

ಹಿಂದೆ ಕೂತ ಅಕ್ಕನವರು ಆಗಲೇ ಕೈ ಎತ್ತಿದ್ದರು. ಕಾರ್ಡ್ ಕಳೆದರೆ ಏನು ಗತಿ ಅಂತ. ಅಕ್ಕಾ, ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬಂದ್ ಮಾಡಿ. ಆ್ಯಪ್ ಇಲ್ಲದಿದ್ದರೆ ಬ್ಯಾಂಕಿನ ನಂಬರಿಗೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಪೊಲೀಸ್ ಸ್ಟೇಷನ್ ಆಮೇಲೆ. ಯಾಕೆಂದರೆ 2017ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ನೀವು ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ತಿಳಿಸುವ ಮೊದಲು ಆಗಿದ್ದರೆ ಅದು ಯಾರ ತಲೆಗೆ ಅನ್ನುವ ವಾದ ಶುರುವಾಗುತ್ತದೆ. ಪಾಕೀಟು ಸಿಕ್ಕವನು ಮೊದಲ ಅರ್ಧ ಗಂಟೆಯಲ್ಲೇ ಟ್ಯಾಪ್ ಮಾಡಿ ನೋಡುತ್ತಾನೆ. ಇದರ ಜೊತೆ ಇನ್ನೊಂದು. ಪಿನ್ ಬರೆದ ಚೀಟಿಯನ್ನು ಕಾರ್ಡಿನ ಜೊತೆ ಅದೇ ಪಾಕೀಟಿನಲ್ಲಿ ಇಡಬೇಡಿ. ಚೀಟಿ ಇಲ್ಲದಿದ್ದರೆ ಅವನು ಬಿಟ್ಟಿ ಟ್ಯಾಪ್‌ಗಳ ಅಂಚಿಗೆ ಬಂದು ನಿಲ್ಲುತ್ತಾನೆ. ಚೀಟಿ ಸಿಕ್ಕರೆ ಎಟಿಎಂಗೇ ಹೋಗುತ್ತಾನೆ.