ಕೌಂಟರ್ ಖಾಲಿ ಬಿಡದೆ ಊಟ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಒಂದು ರಕ್ತಪರೀಕ್ಷೆ ಲ್ಯಾಬಿನ ಕೌಂಟರನ್ನು ನಾನು ನೋಡಿಕೊಳ್ಳುತ್ತೇನೆ. ಮೊದಲು ನಾನಿದ್ದ ಇನ್ನೊಂದು ಕಡೆ, ಮಧ್ಯಾಹ್ನ ಒಂದೂವರೆಗೆ ‘ಊಟದ ಸಮಯ’ ಎಂಬ ಬೋರ್ಡಿಟ್ಟು ಮೂವರೂ ಒಟ್ಟಿಗೆ ಏಳುತ್ತಿದ್ದೆವು. ಒಂದು ದಿನ ಜಗಳೂರು ಕಡೆಯ ಅಜ್ಜಿಯೊಬ್ಬರು ರಿಪೋರ್ಟಿನ ಚೀಟಿ ಹಿಡಿದು ಆ ಬೋರ್ಡಿನ ಮುಂದೆಯೇ ಒಂದು ಗಂಟೆ ಕೂತರು. ರಿಪೋರ್ಟು ಒಳಗೆ ಟ್ರೇನಲ್ಲೇ ಇತ್ತು. ಕೈಗೆ ಸಿಗುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಈಗ ನಾವೂ ಮೂವರೇ. ಮೂವರೂ ಬೆಳಗ್ಗೆ ಒಂಬತ್ತಕ್ಕೆ ಬರುತ್ತೇವೆ. ಅಂಗಡಿ, ಸಂಸ್ಥೆಗಳಿಗಿರುವ ಕರ್ನಾಟಕದ ಕಾನೂನಿನ ಪ್ರಕಾರ ಐದು ಗಂಟೆ ಕೆಲಸವಾಗುವುದರೊಳಗೆ ಒಂದು ಗಂಟೆ ಬಿಡುವು ಕೊಡಬೇಕು. ಅಂದರೆ ಕೊನೆಯವರೂ ಎರಡು ಗಂಟೆಯೊಳಗೆ ಏಳಲೇಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದೆವು. ಮೊದಲನೆಯವರು 11.45ರಿಂದ 12.45. ಎರಡನೆಯವರು 12.50ರಿಂದ 1.50. ಮೂರನೆಯವರು 1.55ರಿಂದ 2.55. ಯಾವಾಗ ನೋಡಿದರೂ ಇಬ್ಬರು ಕೌಂಟರಿನಲ್ಲಿ ಇರುತ್ತಾರೆ.

ನಡುವಿನ ಐದು ನಿಮಿಷ ಸುಮ್ನೆ ಬಿಟ್ಟಿದ್ದಲ್ಲ. ಊಟ ಮುಗಿಸಿ ಬಂದವರು ಕೂತ ಮೇಲೆಯೇ ಮುಂದಿನವರು ಏಳಬೇಕು. ಎದ್ದು ಹೋಗುವವರು ಕೆಲಸ ಒಪ್ಪಿಸುತ್ತಾರೆ: “ನೀಲಿ ಸೀರೆಯವರ ಥೈರಾಯ್ಡ್ ರಿಪೋರ್ಟು ಎರಡಕ್ಕೆ ಬರುತ್ತೆ, ಅವರ ಬಿಲ್ ಆಗಿದೆ, ಮತ್ತೆ ದುಡ್ಡು ಕೇಳಬೇಡಿ ಅಕ್ಕಾ.” ಇಷ್ಟು ಹೇಳದಿದ್ದರೆ ಆ ಹೆಂಗಸು ಮತ್ತೆ ಮೊದಲಿಂದ ಎಲ್ಲ ವಿವರಿಸಬೇಕು, ಅಲ್ವಾ?

ನಾವು ಎಡವಿದ್ದು ಗಲ್ಲಾದ ವಿಷಯದಲ್ಲಿ. ಮೊದಲ ವಾರ ಊಟಕ್ಕೆ ಹೋದವರ ಲಾಗಿನ್‌ನಲ್ಲೇ ಉಳಿದವರು ಬಿಲ್ ಹಾಕಿದರು. ಸಂಜೆ 300 ರೂಪಾಯಿ ಕಡಿಮೆ ಬಂತು. ಯಾರ ಕೈಯಲ್ಲಿ ತಪ್ಪಾಯಿತೆಂದು ಗೊತ್ತಾಗದೆ ಮೂವರ ಮುಖವೂ ಸಣ್ಣದಾಯಿತು. ಈಗ ಏಳುವ ಮೊದಲು ಲಾಗೌಟ್ ಮಾಡಿ, ತಮ್ಮ ಡ್ರಾಯರಿಗೆ ಬೀಗ ಹಾಕಿ, ಕೀ ತೆಗೆದುಕೊಂಡೇ ಹೋಗುತ್ತಾರೆ.

ಮೊದಲನೆಯವರು ಹತ್ತು ನಿಮಿಷ ತಡಮಾಡಿದರೆ ಪೆಟ್ಟು ಬೀಳುವುದು ಮೂರನೆಯವರ ಹೊಟ್ಟೆಗೆ. ಅವರು ಏಳುವುದು ಎರಡು ದಾಟುತ್ತದೆ. ಅದಕ್ಕೇ ಎದ್ದ ಸಮಯ, ಬಂದ ಸಮಯ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ನಾಲ್ಕು ದಿನದ ಪುಟ ತಿರುವಿದರೆ ಎಲ್ಲಿ ಜಾರುತ್ತಿದೆ ಎಂದು ಕಾಣುತ್ತದೆ.

ಹನ್ನೊಂದೂ ಮುಕ್ಕಾಲಿಗೆ ರೊಟ್ಟಿ ಡಬ್ಬಿ ಬಿಚ್ಚಲು ಯಾರಿಗೂ ಮನಸ್ಸಿರುವುದಿಲ್ಲ. ಹಾಗಾಗಿ ಸರದಿ ವಾರಕ್ಕೊಮ್ಮೆ ಬದಲಾಗುತ್ತದೆ. ಆದರೆ ಶುಕ್ರವಾರ ನಡುವಿನ ಸರದಿ ನಮಾಜಿಗೆ ಹೋಗುವ ನಮ್ಮ ಗೆಳೆಯನದೇ. ಸಕ್ಕರೆ ಕಾಯಿಲೆ ಇರುವವರಿದ್ದರೆ ಅವರ ಹೊತ್ತನ್ನೂ ಬದಲಿಸಬಾರದು.

ಒಬ್ಬರು ರಜೆ ಹಾಕಿದರೆ ಊಟದ ಹೊತ್ತಿನಲ್ಲಿ ಕೌಂಟರಿಗೆ ಒಬ್ಬರೇ ಉಳಿಯುತ್ತಾರೆ. ಅವರು ಬಾತ್‌ರೂಮಿಗೆ ಹೋದರೂ ಕೌಂಟರ್ ಖಾಲಿ. ಆ ಎರಡು ಗಂಟೆ ಲೆಕ್ಕಪತ್ರ ನೋಡುವ ಹುಡುಗ ಬಂದು ಪಕ್ಕದಲ್ಲಿ ಕೂರುತ್ತಾನೆ. ಅವನಿಗೆ ಬಿಲ್ ಹಾಕಲು ಬರುವುದಿಲ್ಲ. ಆದರೆ ಚೀಟಿಯ ನಂಬರು ನೋಡಿ, ಹೆಸರು ಕೇಳಿ, ಟ್ರೇಯಿಂದ ರಿಪೋರ್ಟು ತೆಗೆದು ಕೊಡುತ್ತಾನೆ.

ನಮಸ್ಕಾರ.